ತನಗೆ ತಾನೇ ಸಹಿ ಹಾಕಿಕೊಳ್ಳುವಂತಿಲ್ಲ

ಆಸ್ಪತ್ರೆಯ ಉಗ್ರಾಣವನ್ನು ಹತ್ತೊಂಬತ್ತು ವರ್ಷ ನೋಡಿಕೊಂಡವಳನ್ನು ಎಲ್ಲರೂ ಸ್ಟೋರಕ್ಕ ಎನ್ನುತ್ತಿದ್ದರು. ಕತ್ತಲಲ್ಲೂ ಯಾವ ಕಪಾಟಿನಲ್ಲಿ ಯಾವ ಅಳತೆಯ ಕೈಗವಸು ಇದೆಯೆಂದು ಹೇಳಬಲ್ಲವಳು. ಮನೆಯ ಹತ್ತಿರದ ಶಾಲೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದಾಗ ಒಂದನೇ ತಾರೀಖಿಗೇ ರಾಜೀನಾಮೆ ಕೊಟ್ಟಳು.

ಅಂಗೀಕಾರ ಪತ್ರ ಬಂದದ್ದು ಹನ್ನೆರಡಕ್ಕೆ. ಕೊನೆಯ ಕೆಲಸದ ದಿನ ಮೂವತ್ತು; ಅಷ್ಟರೊಳಗೆ ಮ್ಯಾನೇಜರು ಹೇಳಿದವರಿಗೆ ಉಗ್ರಾಣ ಒಪ್ಪಿಸಬೇಕು; ಬಾಕಿ ಏನೂ ಇಲ್ಲವೆಂಬ ನೋ ಡ್ಯೂಸ್ ಫಾರಂಗೆ ಎಲ್ಲ ವಿಭಾಗಗಳ ಸಹಿ ಪಡೆದು ಗುರುತಿನ ಚೀಟಿ ಹಿಂತಿರುಗಿಸಬೇಕು; ಆಮೇಲೆಯೇ ಬಿಡುಗಡೆ ಪತ್ರ.

ಆದರೆ ಮ್ಯಾನೇಜರು ಯಾರ ಹೆಸರನ್ನೂ ಹೇಳಲಿಲ್ಲ. ಮೂರು ಸಲ ಹೋಗಿ ನಿಂತಳು.

"ನೋಡೋಣಮ್ಮ, ಇನ್ನೂ ಟೈಮಿದೆಯಲ್ಲ."

"ಟೈಮು ನಿಮಗಿದೆ ಸರ್. ನನಗೆ ಮೂವತ್ತಕ್ಕೆ ಮುಗಿಯುತ್ತೆ."

ಗಂಡ ಮನೆಯಲ್ಲಿ ನಕ್ಕ. "ನೀನು ಬಿಟ್ಟರೂ ಅವರು ಬಿಡಲ್ಲ ಬಿಡು." ಅವಳಿಗೆ ನಗು ಬರಲಿಲ್ಲ.

ಇಪ್ಪತ್ತನಾಲ್ಕಕ್ಕೆ ಉಗ್ರಾಣ ವಹಿಸಿಕೊಳ್ಳಲು ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕನನ್ನು ಕಳಿಸಿದರು. ಒಳ್ಳೆಯ ಮನುಷ್ಯ, ಆದರೆ ಭಯಸ್ಥ. ಬೇಗ ಅವಧಿ ಮುಗಿಯುವ ಔಷಧಿ ಮೊದಲು ಹೊರಗೆ ಹೋಗಬೇಕೆಂದು ಕಲಿಸಲೇ ಎರಡು ದಿನ ಹಿಡಿಯಿತು.

ಅಷ್ಟರಲ್ಲಿ ಫಾರಂ ಹಿಡಿದು ಸಿಬ್ಬಂದಿ ವಿಭಾಗಕ್ಕೆ ಹೋದಳು. ಗುಮಾಸ್ತೆ ಬೆರಳಿಟ್ಟು ತೋರಿಸಿದಳು. "ಇಲ್ಲಿ ಉಗ್ರಾಣದ ಸಹಿ ಬೇಕು."

"ಉಗ್ರಾಣದವಳು ನಾನೇ."

"ನಿಮಗೆ ನೀವೇ ಸಹಿ ಹಾಕ್ಕೊಳ್ಳೋ ಹಾಗಿಲ್ಲ."

"ಹಾಗಾದರೆ ಯಾರು ಹಾಕಬೇಕು?"

"ಉಗ್ರಾಣದವರು."

ಸ್ಟೋರಕ್ಕ ಫಾರಂ ಮಡಚಿಕೊಂಡು ಹೊರಟಳು. ಮ್ಯಾನೇಜರ ಬಳಿ ಹೋದರೆ, ಸಾಮಾನಿನ ಪಟ್ಟಿಗೆ ಹೊಸಬನ ಸಹಿಯಾದ ಮೇಲೆ ಉಗ್ರಾಣ ಅವನದು, ಅವನೇ ಹಾಕಲಿ ಎಂದರು. ಇಷ್ಟನ್ನು ಹನ್ನೆರಡಕ್ಕೇ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ.

ಹೊಸಬ ಪಟ್ಟಿ ಹಿಡಿದು ಎಣಿಸಿದ. "ಅಕ್ಕ, ಗಾಲಿಕುರ್ಚಿ ಎರಡು ಕಮ್ಮಿ ಇವೆ. ನಾನು ಹೇಗೆ ಸಹಿ ಹಾಕಲಿ?"

ಅವಳು ಮೂರು ಮಹಡಿ ಹತ್ತಿ ಇಳಿದಳು. ಒಂದು ಕುರ್ಚಿ ಎಕ್ಸ್‌ರೇ ಕೋಣೆಯಲ್ಲಿ ಹಳೆಯ ಫೈಲುಗಳನ್ನು ಹೊತ್ತು ಕೂತಿತ್ತು. ಇನ್ನೊಂದರಲ್ಲಿ ವಾರ್ಡಿನ ಕಾವಲುಗಾರ ಕೂತಿದ್ದ.

"ಏಳಪ್ಪ."

"ಕಾಲು ನೋವು ಅಕ್ಕ."

"ನನಗೂ ನೋವೇ. ಏಳು."

ಎರಡನ್ನೂ ತಾನೇ ತಳ್ಳಿಕೊಂಡು ಬಂದಳು. ಹೊಸಬ ಇಪ್ಪತ್ತೊಂಬತ್ತರ ಸಂಜೆ ಪಟ್ಟಿಗೆ ಸಹಿ ಹಾಕಿ, ಆಮೇಲೆ ಅವಳ ಫಾರಂ ಎಳೆದುಕೊಂಡ. ಅಕ್ಕನಿಂದ ಬಾಕಿ ಏನೂ ಇಲ್ಲ ಎಂದು ಒಂದೊಂದೇ ಅಕ್ಷರ ನೋಡಿಕೊಂಡು ಬರೆದ. "ಈ ಕೆಲಸದಲ್ಲಿ ನನ್ನ ಮೊದಲ ಸಹಿಗಳು ಇವು," ಎಂದ.

ಇಡೀ ತಿಂಗಳ ಸಿಟ್ಟು ಅವನ ಮೇಲೆ ತೀರಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. "ಒತ್ತಿ ಹಾಕು, ಕೆಳಗಿನ ಕಾರ್ಬನ್ ಪ್ರತಿಯಲ್ಲೂ ಮೂಡಬೇಕು," ಎಂದಳಷ್ಟೆ.

ಮರುದಿನ ಉಳಿದ ಸಹಿಗಳಾದವು. ನಾಲ್ಕು ಗಂಟೆಗೆ ಗುರುತಿನ ಚೀಟಿ ಕೊಟ್ಟು ಬಿಡುಗಡೆ ಪತ್ರ ತೆಗೆದುಕೊಂಡಳು. ಅದರಲ್ಲಿ ತನ್ನ ಹೆಸರಿನ ಒಂದಕ್ಷರ ತಪ್ಪಿತ್ತು. ಅಲ್ಲೇ ಕುರ್ಚಿ ಎಳೆದುಕೊಂಡು ಕೂತು, ತಿದ್ದಿಸಿಕೊಂಡೇ ಎದ್ದಳು.