ಅನಿತ ಮೇಡಂ ಬರೆದ ವಂದನಾರ್ಪಣೆ

ಅನಿತಳಿಗೆ ಭಯ ಹೊಸದಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ತಾರೀಖು ಸರಿಯಾಗಿದೆಯೇ ಎಂದು ಮತ್ತೆ ನೋಡುವವಳು. ತರಗತಿಗೆ ಬೀಗ ಹಾಕಿ ಗೇಟಿನವರೆಗೆ ಹೋದವಳು ವಾಪಸು ಬಂದು ಬೀಗ ಎಳೆದು ನೋಡುವವಳು. ರಾಯಲ್ಪಾಡಿನ ಪಕ್ಕದ ಊರಿನ ಸರ್ಕಾರಿ ಶಾಲೆಯಲ್ಲಿ ಮೂರು ವರ್ಷದಿಂದ ಅತಿಥಿ ಶಿಕ್ಷಕಿ. ಅತಿಥಿ ಅಂದರೆ ಪ್ರತಿ ಜೂನ್‌ನಲ್ಲೂ ಹೊಸದಾಗಿ ಕರೆ ಬರಬೇಕು. ಕರೆಯಬೇಕೋ ಬೇಡವೋ ಎನ್ನುವಾಗ ಹೆಡ್‌ಮೇಷ್ಟ್ರ ಮಾತೂ ಶಾಲಾ ಸಮಿತಿಯವರ ಮಾತೂ ನಡೆಯುತ್ತದೆ. ಅದಕ್ಕೇ ಅವಳು ಯಾರ ಕಣ್ಣಿಗೂ ಬೀಳದ ಹಾಗೆ ಕೆಲಸ ಮಾಡಿಕೊಂಡಿದ್ದಳು.

ಈ ವರ್ಷ ವಾರ್ಷಿಕೋತ್ಸವದ ವಂದನಾರ್ಪಣೆ ಅವಳ ಪಾಲಿಗೆ ಬಂತು.

ಹೋದ ವರ್ಷ ಅದನ್ನು ಮಾಡಿದ್ದು ಗೋಪಿ ಮೇಷ್ಟ್ರು. ಓದುವಾಗ ಸಮಿತಿ ಅಧ್ಯಕ್ಷ ಅಮರನಾಥರ ಹೆಸರು ಬಿಟ್ಟುಹೋಯಿತು. ಅಧ್ಯಕ್ಷರು ಊಟ ಮಾಡದೆ ಎದ್ದು ಹೋದರು. ನಾಲ್ಕು ತಿಂಗಳು ಶಾಲೆಯ ಕಡೆ ತಲೆ ಹಾಕಲಿಲ್ಲ. ಗೋಪಿ ಮೇಷ್ಟ್ರದು ಕಾಯಂ ಕೆಲಸ, ಏನೂ ಆಗಲಿಲ್ಲ. ತನ್ನದು ಹಾಗಲ್ಲ ಎಂಬುದು ಅನಿತಳಿಗೆ ಚೆನ್ನಾಗಿ ಗೊತ್ತಿತ್ತು.

ಹೆಡ್‌ಮೇಷ್ಟ್ರು ಕೋದಂಡರಾಮಪ್ಪ ಒಂದು ಪ್ಲಾಸ್ಟಿಕ್ ಕವರ್ ಕೈಗಿಟ್ಟರು. "ಎಲ್ಲಾ ಇದ್ರಲ್ಲಿದೆ ಮೇಡಂ. ಆರು ತಿಂಗಳಿಂದ ಬರ್ಕೊಂಡಿದೀನಿ. ಒಂದು ಹೆಸರೂ ಬಿಡಬೇಡಿ. ಬಿಟ್ರೆ ನಾನು ಊರಲ್ಲಿ ತಿರುಗಾಡೋ ಹಾಗಿಲ್ಲ."

ಕವರಿನಲ್ಲಿ ಚೀಟಿಗಳು. ಕ್ಯಾಲೆಂಡರ್ ಹಾಳೆಯ ಹಿಂಬದಿ, ಲಗ್ನಪತ್ರಿಕೆಯ ತುಂಡು, ಬಸ್ ಟಿಕೆಟ್. ಭಾನುವಾರ ಅವಳು ಅವನ್ನೆಲ್ಲ ಚಾಪೆಯ ಮೇಲೆ ಹರಡಿ, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಬಳೆ ಇಟ್ಟಳು. ವೇದಿಕೆಯ ಮೇಲಿರುವವರು ಒಂದು ಸಾಲು. ಇಲಾಖೆಯವರು, ಪಂಚಾಯಿತಿಯವರು, ಸಮಿತಿಯವರು ಆಮೇಲೆ. ದಾನಿಗಳು ಬೇರೆ. ಅಡುಗೆಯವರು, ಶಾಮಿಯಾನ, ಮೈಕು, ಪೋಷಕರು, ಮಕ್ಕಳು ಕೊನೆಗೆ.

ಬರೆದು ತಂಗಿ ಮೇಘನಳಿಗೆ ಓದಿ ಹೇಳಿದಳು. ಅವಳು ಅರ್ಧಕ್ಕೇ ನಕ್ಕಳು. "ಅಕ್ಕಾ, ಇದು ರೇಷನ್ ಅಂಗಡಿ ಲಿಸ್ಟ್ ಥರ ಇದೆ ಕಣೇ. ಇಪ್ಪತ್ತಮೂರು ಸಲ 'ಧನ್ಯವಾದಗಳು' ಅಂದೆ. ಎಣಿಸ್ತಾ ಇದ್ದೆ."

ಅನಿತ ಅದನ್ನು ಹರಿದಳು. ಹೆಸರಿಗಿಂತ ಮುಂಚೆ ಅವರು ಮಾಡಿದ್ದೇನು ಅಂತ ಹೇಳಿದರೆ ಕೇಳುವವರ ಮನಸ್ಸಿಗೆ ತಟ್ಟುತ್ತದೆ ಅನ್ನಿಸಿತು. "ಬಿಸಿಲಲ್ಲಿ ನಿಂತು ಮಕ್ಕಳಿಗೆ ಡ್ರಿಲ್ ಕಲಿಸಿದ ಗೋಪಿ ಸರ್ ಅವರಿಗೆ" ಎಂದಾಗ ಧನ್ಯವಾದಕ್ಕೊಂದು ಕಾರಣ ಸಿಕ್ಕಂತಾಯಿತು. ಒಂದು ಕಡೆ "ಸ್ಮರಿಸುತ್ತೇವೆ", ಇನ್ನೊಂದು ಕಡೆ "ಋಣಿಯಾಗಿದ್ದೇವೆ", ಮತ್ತೊಂದು ಕಡೆ "ವಂದನೆಗಳು". ಮನೆಯಲ್ಲಿ ತೆಲುಗು ಆಡುವವಳಾದ್ದರಿಂದ ಹೆಸರಿನ ಮುಂದೆ ಎಲ್ಲಾದರೂ ಗೌರವದ 'ಗಾರು' ನುಸುಳೀತೆಂದು 'ಅವರಿಗೆ' ಎಂಬ ಪದಕ್ಕೆಲ್ಲ ಕೆಂಪು ಗೆರೆ ಎಳೆದಳು.

ದಾನಿಗಳ ಚೀಟಿಯಲ್ಲಿ ಎರಡು ಸಾಲಿದ್ದವು.

ದಿ. ಚನ್ನರಾಯಪ್ಪ – ಬೆಂಚು 10.
ದಿ. ಮುನಿಯಲ್ಲಮ್ಮ – ಗ್ರಂಥಾಲಯ ಪುಸ್ತಕ (ಮಗ ಶಿವಶಂಕರ್).

ಇಬ್ಬರೂ ದಿವಂಗತರು. ಅವರಿಗಾಗಿ ಅವಳು ಎರಡು ಗಂಟೆ ಕೂತಳು. "ಇಂದು ನಮ್ಮೊಂದಿಗಿಲ್ಲದ ದಿವಂಗತ ಚನ್ನರಾಯಪ್ಪನವರು, ಮಕ್ಕಳು ಕೂರುವ ಪ್ರತಿ ಬೆಂಚಿನಲ್ಲೂ ಜೀವಂತವಾಗಿದ್ದಾರೆ. ಅವರ ಆತ್ಮಕ್ಕೆ ನಮ್ಮ ನಮನ." ಇದನ್ನು ಕೇಳಿ ಮೇಘನ ನಗಲಿಲ್ಲ. "ಇದು ಸೂಪರ್ ಅಕ್ಕಾ" ಅಂದಳು.

ವಾರ್ಷಿಕೋತ್ಸವದ ದಿನ ವೇದಿಕೆಯ ಪಕ್ಕ, ಬಿಸಿಯೂಟದ ಅಡುಗೆಯ ಆಂಜಿನಮ್ಮನ ಹತ್ತಿರ ಅನಿತ ನಿಂತಿದ್ದಳು. ಕೈಯಲ್ಲಿದ್ದ ಹಾಳೆಯ ಅಂಚು ಬೆವರಿಗೆ ಮೆತ್ತಗಾಗಿತ್ತು. ಸ್ವಾಗತವಾಯಿತು, ದೀಪ ಹಚ್ಚಿದ್ದಾಯಿತು, ವರದಿ ಓದಿದ್ದಾಯಿತು. ಆಮೇಲೆ ಹೆಡ್‌ಮೇಷ್ಟ್ರು ಮೈಕಿನಲ್ಲಿ ಕೂಗಿದರು.

"ನಮ್ಮ ಶಾಲೆಗೆ ಹತ್ತು ಬೆಂಚು ಕೊಟ್ಟ ದಾನಿಗಳು, ಹಿರಿಯರಾದ ಚನ್ನರಾಯಪ್ಪನವರು ವೇದಿಕೆಗೆ ಬರಬೇಕು!"

ಮುಂದಿನ ಸಾಲಿನಿಂದ ಬಿಳಿ ಮೀಸೆಯ, ಎತ್ತರದ ಮನುಷ್ಯರೊಬ್ಬರು ಎದ್ದರು. ದಪದಪನೆ ಮೆಟ್ಟಿಲು ಹತ್ತಿದರು. ಶಾಲು ಹೊದಿಸಿಕೊಂಡು, ಹಾರ ತೆಗೆದು ಪಕ್ಕಕ್ಕಿಟ್ಟು ನಕ್ಕರು.

ಅನಿತ ಪಕ್ಕಕ್ಕೆ ತಿರುಗಿದಳು.

"ಆಂಜಿನಮ್ಮಾ, ಅವರು... ಇದಾರಾ?"

"ಎದುರಿಗೇ ಕುಂತವ್ರಲ್ಲಮ್ಮ. ಯಾಕೆ ಮೇಡಂ, ಮಕ ಸುಣ್ಣ ಬಳಿದಂಗೆ ಆಗೈತೆ?"

ಅವಳು ಪರ್ಸಿನಿಂದ ಮೂಲ ಚೀಟಿ ತೆಗೆದಳು. ಚನ್ನರಾಯಪ್ಪನವರ ಸಾಲಿನಲ್ಲಿ 'ದಿ.' ಆದ ಮೇಲೆ ಸ್ವಲ್ಪ ಜಾಗ ಖಾಲಿ ಇತ್ತು. ಆಗ ಹೊಳೆಯಿತು. ಅದು ದಿವಂಗತ ಅಲ್ಲ, ದಿನಾಂಕ. ಕೊಟ್ಟ ತಾರೀಖು ನೆನಪಾದಾಗ ತುಂಬಿಸೋಣವೆಂದು ಹೆಡ್‌ಮೇಷ್ಟ್ರು ಬಿಟ್ಟಿದ್ದ ಜಾಗ. ಇನ್ನೊಂದು ಗಳಿಗೆ ಕಳೆದಿದ್ದರೆ ಇಡೀ ಊರಿನ ಮುಂದೆ, ಶಾಲು ಹೊದ್ದು ಕೂತ ಮನುಷ್ಯನ ಆತ್ಮಕ್ಕೆ ಅವಳು ನಮನ ಹೇಳುತ್ತಿದ್ದಳು.

ಹಾಗಾದರೆ ಮುನಿಯಲ್ಲಮ್ಮ? ಅಲ್ಲಿಯೂ ಜಾಗ ಬಿಟ್ಟಿತ್ತೋ, ಬರೀ ಅಕ್ಷರ ದೂರವಾಗಿತ್ತೋ ತಿಳಿಯಲಿಲ್ಲ.

"ಆಂಜಿನಮ್ಮಾ, ಶಿವಶಂಕರ್ ಅವರ ತಾಯಿ ಮುನಿಯಲ್ಲಮ್ಮ ಇದಾರಾ?"

"ಅವ್ರು ಶ್ರೀನಿವಾಸಪುರದ ಕಡೆಯೋರಮ್ಮ, ನಂಗೇನು ಗೊತ್ತು? ಹೋಗಿ ಕೇಳ್ಕೊಂಡು ಬರ್ಲಾ?"

"ಬೇಡ, ಬೇಡ!" ಶಿವಶಂಕರ್ ವೇದಿಕೆಯ ಮೇಲೆ ಮುಖ್ಯ ಅತಿಥಿಯ ಪಕ್ಕ ಕೂತಿದ್ದರು. ನಿಮ್ಮ ತಾಯಿ ಬದುಕಿದ್ದಾರಾ ಎಂದು ಅಲ್ಲಿ ಹೋಗಿ ಹೇಗೆ ಕೇಳುವುದು? ಇರುವವರನ್ನು ದಿವಂಗತ ಎಂದರೂ ತಪ್ಪು. ಇಲ್ಲದವರಿಗೆ ಆಯುಷ್ಯ ಆರೋಗ್ಯ ಕೋರಿದರೂ ತಪ್ಪು.

ಮುಖ್ಯ ಅತಿಥಿಗಳು ಮಾತು ಶುರುಮಾಡಿದರು. ಅಷ್ಟೇ ಸಮಯ. ಅನಿತ ಸಾಂಬಾರ್ ಪಾತ್ರೆಯ ಮುಚ್ಚಳದ ಮೇಲೆ ಹಾಳೆ ಇಟ್ಟುಕೊಂಡಳು. ಹಳೆಯ ಹಾಳೆಯಲ್ಲಿ ಹೊಡೆದುಹಾಕಿದರೆ ಓದುವಾಗ ತಡವರಿಸುತ್ತೇನೆಂದು ಎರಡನೇ ಪುಟವನ್ನು ಪೂರಾ ಹೊಸದಾಗಿ ಬರೆದಳು. ಚನ್ನರಾಯಪ್ಪನವರ ಸಾಲು ಸುಲಭವಾಗಿತ್ತು. ಮುನಿಯಲ್ಲಮ್ಮನವರ ಸಾಲಿನಲ್ಲಿ ಪೆನ್ನು ನಿಂತಿತು. ಕಡೆಗೆ ಬರೆದಳು: "ತಮ್ಮ ತಾಯಿ ಮುನಿಯಲ್ಲಮ್ಮನವರ ಹೆಸರಿನಲ್ಲಿ ಮಕ್ಕಳ ಕೈಗೆ ಪುಸ್ತಕ ಕೊಟ್ಟ ಶಿವಶಂಕರ್ ಅವರಿಗೂ, ಅಂಥ ಮಗನನ್ನು ಬೆಳೆಸಿದ ಆ ತಾಯಿಗೂ ಶಾಲೆ ಋಣಿ." ಇದ್ದರೂ ಸರಿ, ಇಲ್ಲದಿದ್ದರೂ ಸರಿ.

"ಈಗ ವಂದನಾರ್ಪಣೆ, ಅನಿತ ಮೇಡಂ ಅವರಿಂದ."

ಹೇಗೆ ಹತ್ತಿದಳೋ ಅವಳಿಗೆ ನೆನಪಿಲ್ಲ. ಮೈಕಿಗೆ ಕೈ ತಾಗಿ ಕಿರ್ರ್ ಎಂದಿತು. ಅಧ್ಯಕ್ಷರ ಹೆಸರು ಹೇಳಿದಳು, ಅಮರನಾಥ್ ತಲೆಯಾಡಿಸಿದರು. ಬೆಂಚಿನ ಸಾಲಿಗೆ ಮಕ್ಕಳು ಚಪ್ಪಾಳೆ ತಟ್ಟಿದರು. ಪುಸ್ತಕದ ಸಾಲಿಗೆ ಶಿವಶಂಕರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅದು ಯಾವುದರ ಕಣ್ಣೀರು ಎಂದು ತಿಳಿಯದೆ ಅವಳು ಇನ್ನಷ್ಟು ಹೆದರಿ, ಉಳಿದದ್ದನ್ನು ಉಸಿರು ತೆಗೆಯದೆ ಓದಿದಳು.

ಕೆಳಗಿಳಿದು ಎರಡೂ ಹಾಳೆ ಹೋಲಿಸಿ ನೋಡಿದಳು. ಹಳೆಯ ಎರಡನೇ ಪುಟದ ಕೊನೆಯ ಸಾಲು ಹೊಸದರಲ್ಲಿ ಇರಲಿಲ್ಲ. ಅದು ಹೆಡ್‌ಮೇಷ್ಟ್ರ ಸಾಲು.

ಬೇರೆಯವರು ಹೇಳುವ ಮುಂಚೆ ತಾನೇ ಹೇಳಬೇಕು. ಮಕ್ಕಳ ಕುಣಿತ ಶುರುವಾಗುತ್ತಿದ್ದ ಗದ್ದಲದಲ್ಲೇ ಕೋದಂಡರಾಮಪ್ಪನವರ ಮುಂದೆ ನಿಂತು ಎರಡೂ ಹಾಳೆ, ಆ ಚೀಟಿ ಚಾಚಿದಳು. "ಸಾರ್, ನಿಮ್ಮ ಹೆಸರೇ ಬಿಟ್ಟುಹೋಯ್ತು."

ಅವರು ಹಳೆಯ ಹಾಳೆ ಓದಿದರು. "ಅವರ ಆತ್ಮಕ್ಕೆ..." ಎಂದು ಓದುತ್ತಲೇ ಬಾಯಿಗೆ ಟವೆಲ್ ಅಡ್ಡ ಹಿಡಿದರು. ಭುಜ ಕುಲುಕುತ್ತಿತ್ತು. "ಅಯ್ಯೋ, ಚನ್ನರಾಯಪ್ಪ ಕೇಳಿದ್ದಿದ್ರೆ ಹತ್ತೂ ಬೆಂಚು ತಲೆ ಮೇಲೆ ಹೊತ್ಕೊಂಡು ಹೋಗಿರೋನು!"

"ಮುನಿಯಲ್ಲಮ್ಮನೋರು ಸಾರ್?"

"ಅವರು ಹೋಗಿ ಎರಡು ವರ್ಷ ಆಯ್ತು. ಆ 'ದಿ.' ನಿಜವಾದ ದಿವಂಗತ. ತಪ್ಪು ನಂದಮ್ಮ, ಎರಡಕ್ಕೂ ಒಂದೇ ಅಕ್ಷರ ಬರೆದೆ." ಹಾಳೆಗಳನ್ನು ನೀಟಾಗಿ ಮಡಿಸಿ ಜೇಬಿಗಿಟ್ಟರು. "ಮುಂದಿನ ವರ್ಷ ನನ್ನ ಹೆಸರು ಮೊದಲು ಬರ್ಕೊಳ್ಳಿ ಮೇಡಂ."

ಅವರು ವೇದಿಕೆಯ ಕಡೆ ತಿರುಗಿದ ಮೇಲೂ ಅನಿತ ಅಲ್ಲೇ ನಿಂತಿದ್ದಳು. 'ಮುಂದಿನ ವರ್ಷ' ಅಂದರಾ? ತಪ್ಪು ಕೇಳಿಸಿಕೊಂಡೆನೇನೋ ಎಂಬ ಭಯಕ್ಕೆ, ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡಳು.