ಹುಚ್ಚೀರಪ್ಪ ಕೇಳಿದ ಅಳು

ಬೆಟಗೇರಿಯ ಬಜಾರಿನಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿರುವ ಹುಚ್ಚೀರಪ್ಪ ನನ್ನ ಪಕ್ಕದ ಮನೆಯವನು. ಒಳ್ಳೆಯವನು. ಇಷ್ಟು ಒಳ್ಳೆಯ ಮನುಷ್ಯ ಸ್ವಂತ ಮಗಳ ಬಾಳನ್ನು ಹೇಗೆ ಹಾಳು ಮಾಡಿದ ಎಂದು ಯೋಚಿಸಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಇಳಿದ ಮೇಲೆ ಅಳು ಬರುತ್ತದೆ.

ಮೊಬೈಲ್ ಬಂದ ಮೇಲೆ ಕೈಗಡಿಯಾರ ಕಟ್ಟುವವರು ಕಡಿಮೆಯಾದರು. ಆದರೂ ಅವನ ಅಂಗಡಿಯ ಮುಂದಿನ ಬೆಂಚು ಖಾಲಿ ಇರುತ್ತಿರಲಿಲ್ಲ. ಮುಳಗುಂದ, ಶಿರಹಟ್ಟಿ, ಹಿರೇಹಂದಿಗೋಳದಿಂದ ಜನ ಜಾತಕ ಹಿಡಿದುಕೊಂಡು ಬರುತ್ತಿದ್ದರು. ಅವನು ನೋಡುತ್ತಿದ್ದದ್ದು ಕೆ.ಪಿ. ಎಂಬ ಜ್ಯೋತಿಷ ಪದ್ಧತಿ. ಹರೆಯದಲ್ಲಿ ಹುಬ್ಬಳ್ಳಿಯಲ್ಲಿ ಯಾರ ಬಳಿಯೋ ಕಲಿತು ಬಂದಿದ್ದ. ಗುಣ ಎಷ್ಟು ಕೂಡಿದವು, ಕುಜದೋಷ ಇದೆಯೋ ಇಲ್ಲವೋ ಎಂದು ಕೇಳುವವರನ್ನು ಕಂಡರೆ ನಗುತ್ತಿದ್ದ.

"ಅದೆಲ್ಲಾ ಆಮ್ಯಾಲರಿ. ಮೊದಲ ಲಗ್ನದ ಯೋಗ ಐತೋ ಇಲ್ಲೋ ನೋಡೂಣು. ಏಳನೇ ಮನಿ ಬಾಗಲಾ ತಗೀಬೇಕಂದ್ರ ಅದರ ಸಬ್-ಲಾರ್ಡ್ ಹೂಂ ಅನಬೇಕು," ಎನ್ನುತ್ತಿದ್ದ.

ಅಂಗಡಿಯಲ್ಲಿ ಕುಳಿತು ಕುಳಿತು ನನಗೂ ಅದು ಬಾಯಿಪಾಠವಾಗಿದೆ. ಪ್ರತಿ ನಕ್ಷತ್ರವನ್ನೂ ಒಂಬತ್ತು ಗ್ರಹಗಳಿಗೆ ಅವರವರ ದಶೆಯ ವರ್ಷಗಳ ಪ್ರಮಾಣದಲ್ಲಿ ಹಂಚುತ್ತಾರೆ. ಶುಕ್ರನಿಗೆ ದೊಡ್ಡ ಪಾಲು, ಸೂರ್ಯನಿಗೆ ಎಲ್ಲರಿಗಿಂತ ಚಿಕ್ಕ ಪಾಲು. ಏಳನೆಯ ಭಾವ ಶುರುವಾಗುವ ಬಿಂದು ಯಾರ ಪಾಲಿನಲ್ಲಿ ಬಿದ್ದಿದೆಯೋ ಆ ಗ್ರಹವೇ ಮದುವೆಯ ತೀರ್ಪು ಹೇಳುವ ಸಬ್-ಲಾರ್ಡ್. ಆ ಗ್ರಹ ಯಾರ ನಕ್ಷತ್ರದಲ್ಲಿದೆ, ಆ ನಕ್ಷತ್ರದ ಒಡೆಯ ಯಾವ ಮನೆಯಲ್ಲಿ ಕುಳಿತಿದ್ದಾನೆ, ಯಾವ ಮನೆಗಳನ್ನು ಆಳುತ್ತಾನೆ ಎಂಬುದನ್ನು ಮೊದಲು ನೋಡಬೇಕು. ಆಮೇಲೆ ಆ ಗ್ರಹದ ಸ್ವಂತ ಮನೆಗಳು. ಹೀಗೆ ನೋಡಿದಾಗ ಎರಡು, ಏಳು, ಹನ್ನೊಂದು ಬಂದರೆ ಮದುವೆ ಉಂಟು. ಎರಡು ಎಂದರೆ ಕುಟುಂಬಕ್ಕೆ ಒಬ್ಬರು ಸೇರುವುದು, ಏಳು ಎಂದರೆ ಜೊತೆಗಾರ, ಹನ್ನೊಂದು ಎಂದರೆ ಆಸೆ ಕೈಗೂಡುವುದು. ಪ್ರತಿ ಮನೆಗೂ ಅದರ ಹಿಂದಿನ ಮನೆಯೇ ನಷ್ಟದ ಮನೆ. ಆದ್ದರಿಂದ ಒಂದು, ಆರು, ಹತ್ತು ಮಾತ್ರ ಬಂದರೆ ಮದುವೆ ಇಲ್ಲ. ಹಟ ಮಾಡಿ ಮಾಡಿದರೂ ಮುರಿಯುತ್ತದೆ. ಹೂಂ ಎಂದ ಜಾತಕಕ್ಕೆ ಮಾತ್ರ ಯಾವ ದಶೆ, ಯಾವ ಭುಕ್ತಿಯಲ್ಲಿ ಎಂದು ಮುಂದೆ ನೋಡುವುದು. ಉಹೂಂ ಎಂದ ಜಾತಕಕ್ಕೆ ಯಾವ ದಶೆ ಬಂದರೂ ಅಷ್ಟೇ.

ಇಷ್ಟೆಲ್ಲಕ್ಕೂ ತಳಪಾಯ ಹುಟ್ಟಿದ ಸಮಯ. ಎರಡು-ಮೂರು ನಿಮಿಷ ಅತ್ತಿತ್ತ ಆದರೆ ಸಬ್-ಲಾರ್ಡ್ ಬದಲಾಗಿಬಿಡುತ್ತಾನೆ. ದವಾಖಾನೆಯವರು ಐದೈದು ನಿಮಿಷದ ಲೆಕ್ಕದಲ್ಲಿ ಬರೆಯುತ್ತಾರೆಂದು ಹುಚ್ಚೀರಪ್ಪ ಯಾರ ಸಮಯವನ್ನೂ ನಂಬುತ್ತಿರಲಿಲ್ಲ. ಪ್ರಶ್ನೆ ಕೇಳಿದ ಗಳಿಗೆಯ ಆಳುವ ಗ್ರಹಗಳನ್ನು ತೆಗೆಯುತ್ತಿದ್ದ: ಆ ದಿನದ ಒಡೆಯ, ಆಗಿನ ಲಗ್ನದ ರಾಶಿ ಮತ್ತು ನಕ್ಷತ್ರದ ಒಡೆಯರು, ಚಂದ್ರನ ರಾಶಿ ಮತ್ತು ನಕ್ಷತ್ರದ ಒಡೆಯರು. ಅವುಗಳಿಗೆ ಹೊಂದುವಂತೆ ಹುಟ್ಟಿದ ಸಮಯವನ್ನು ಒಂದೆರಡು ನಿಮಿಷ ಸರಿಸುತ್ತಿದ್ದ. ಸರಿಸಿದ ಮೇಲೆ ಎಷ್ಟೋ ಹೆಣ್ಣುಮಕ್ಕಳ ಏಳನೆಯ ಮನೆ ಹೂಂ ಎನ್ನುತ್ತಿತ್ತು. ಅವರ ಅಪ್ಪಂದಿರು ಹಗುರಾಗಿ ಮನೆಗೆ ಹೋಗುತ್ತಿದ್ದರು.

ಸರಿಸಲು ಬಾರದ ಜಾತಕ ಒಂದೇ ಒಂದಿತ್ತು. ಅದು ಅವನ ಮಗಳು ಅನ್ನಪೂರ್ಣಳದು.

ಅವಳು ಹುಟ್ಟಿದ ದಿನ ಹುಚ್ಚೀರಪ್ಪ ಗದಗಿನ ಒಂದು ಸಣ್ಣ ಹೆರಿಗೆ ಆಸ್ಪತ್ರೆಯ ಹೊರಗೆ, ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದ. ಕೈಯಲ್ಲಿ ರೇಡಿಯೋದ ಸಮಯಕ್ಕೆ ತಾನೇ ಹೊಂದಿಸಿದ ಗಡಿಯಾರ. ಮೊದಲ ಅಳು ಕೇಳಿದಾಗ ಹತ್ತು ಗಂಟೆ ಇಪ್ಪತ್ನಾಲ್ಕು ನಿಮಿಷ. ನರ್ಸಮ್ಮ ಬಹಳ ಹೊತ್ತಿನ ಮೇಲೆ ಹೊರಗೆ ಬಂದು, "ಹೆಣ್ಣು ರೀ, ಹತ್ತೂ ಮೂವತ್ತೈದು," ಎಂದಳು. ಮಗು ತೊಳೆದು, ಒರೆಸಿ, ಆಮೇಲೆ ಗೋಡೆ ಗಡಿಯಾರ ನೋಡಿ ಹೇಳಿದ್ದಾಳೆ ಎಂದು ಇವನು ಮನಸ್ಸಿನಲ್ಲೇ ನಕ್ಕ. ಅಂಥ ಕರಾರುವಾಕ್ಕಾದ ಸಮಯ ಇರುವ ಜಾತಕ ಇಡೀ ಜಿಲ್ಲೆಯಲ್ಲಿ ಇಲ್ಲ ಎಂದು ನನ್ನ ಮುಂದೆ ಎಷ್ಟು ಸಲ ಕೊಚ್ಚಿಕೊಂಡಿದ್ದಾನೋ.

ಆ ಸಮಯಕ್ಕೆ ಕನ್ಯಾ ಲಗ್ನ. ಏಳನೆಯ ಬಿಂದು ಮೀನದಲ್ಲಿ, ಉತ್ತರಾಭಾದ್ರಾ ನಕ್ಷತ್ರದಲ್ಲಿ, ಸೂರ್ಯನ ಪಾಲಿನಲ್ಲಿ. ಆ ಪಾಲು ಮೂರು ನಿಮಿಷವೂ ಇರುವುದಿಲ್ಲ, ಅದರಲ್ಲೇ ಹೋಗಿ ಬಿದ್ದಿತ್ತು. ಸೂರ್ಯ ಇದ್ದದ್ದು ಕರ್ಕಾಟಕದಲ್ಲಿ, ಶನಿಯ ಪುಷ್ಯ ನಕ್ಷತ್ರದಲ್ಲಿ. ಶನಿ ಆರರ ಒಡೆಯ, ಆರರಲ್ಲೇ ಕುಳಿತಿದ್ದ. ರಾಶಿ ಎಣಿಸಿದರೆ ಸೂರ್ಯ ಹನ್ನೊಂದರಲ್ಲಿ ಇದ್ದಂತೆ ಕಾಣುತ್ತಿತ್ತು, ಆದರೆ ಕೆ.ಪಿ.ಯವರಂತೆ ಭಾವದ ಬಿಂದು ಹಾಕಿದರೆ ಹನ್ನೊಂದು ಇನ್ನೂ ಶುರುವಾಗಿರಲಿಲ್ಲ, ಸೂರ್ಯ ಹತ್ತರಲ್ಲೇ ಉಳಿದಿದ್ದ. ಆರು ಮತ್ತು ಹತ್ತು. ಎರಡು ಇಲ್ಲ, ಏಳು ಇಲ್ಲ, ಹನ್ನೊಂದೂ ಇಲ್ಲ.

ಇದನ್ನು ಅವನು ಹೆಂಡತಿ ಅಮೃತವ್ವನಿಗೂ ಹೇಳಲಿಲ್ಲ. ತಾಯಿಯ ಹೊಟ್ಟೆಗೆ ಬೆಂಕಿ ಯಾಕೆ ಹಾಕಲಿ ಎಂದುಕೊಂಡ. ನನಗೆ ಮಾತ್ರ ಹೇಳಿದ್ದ. ನಾನು ಇದನ್ನೆಲ್ಲ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವವನು. "ನಿನ್ನ ಸೂರ್ಯಾಗ ಬ್ಯಾರೆ ಕೆಲಸ ಇಲ್ಲೇನಲೇ?" ಎಂದರೆ ಅವನು ಎದ್ದೇ ಹೋಗುತ್ತಿದ್ದ.

ಅನ್ನಪೂರ್ಣ ಓದಿ ಲಕ್ಷ್ಮೇಶ್ವರದ ಒಂದು ಶಾಲೆಯಲ್ಲಿ ಶಿಕ್ಷಕಿಯಾದಳು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ವರಗಳು ಬಂದವು. ಹುಚ್ಚೀರಪ್ಪ ಎಲ್ಲರಿಗೂ "ಕೂಡಿ ಬರೂದಿಲ್ಲರಿ" ಎಂಬ ಒಂದೇ ಮಾತು ಹೇಳಿ ಕಳಿಸಿದ. ಮಾಡಿಕೊಟ್ಟು ಮುರಿದು ಬರುವುದಕ್ಕಿಂತ ಮಗಳು ಮನೆಯಲ್ಲೇ ನಗುತ್ತಿರಲಿ ಎಂಬುದು ಅವನ ಲೆಕ್ಕ. ಅದು ಪ್ರೀತಿಯೇ. ಪ್ರೀತಿ ಇಷ್ಟು ಕುರುಡಾಗಿರಬಾರದು ಎಂದಷ್ಟೇ ನಾನು ಹೇಳುವುದು.

ಡೋಣಿಯಿಂದ ನಂದೀಶ ಎಂಬ ಹುಡುಗ ನೋಡಲು ಬಂದಿದ್ದ. ಮುಂಡರಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಉಪ್ಪಿಟ್ಟು ತಿಂದ, ಕಪ್ಪತಗುಡ್ಡದ ಗಾಳಿಯ ಬಗ್ಗೆ ಏನೋ ತಮಾಷೆ ಮಾಡಿದ, ಅನ್ನಪೂರ್ಣ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಆಮೇಲೆ ನೋಡಿಲ್ಲ. ಹುಡುಗ ಒಪ್ಪಿದ. ಹುಡುಗಿಯೂ ಒಪ್ಪಿ, ನಮ್ಮ ಕಡೆ ಹೆಣ್ಣುಮಕ್ಕಳು ಸಾಮಾನ್ಯವಾಗಿ ಮಾಡದ ಕೆಲಸ ಮಾಡಿದಳು. ಅಪ್ಪನ ಅಂಗಡಿಗೆ ಬಂದು ನನ್ನೆದುರಿಗೇ ಕೇಳಿದಳು.

"ಅಪ್ಪಾ, ಇದೊಂದು ಸಂಬಂಧ ಬಿಡಬ್ಯಾಡ. ನನಗ ಮನಸೈತಿ."

ಹುಚ್ಚೀರಪ್ಪ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯಲೇ ಇಲ್ಲ. "ಕೂಡಿ ಬರೂದಿಲ್ಲವಾ," ಎಂದ. ಅವಳು ಹೊರಟು ಹೋದಳು. ಮುಂದಿನ ವರ್ಷ ನಂದೀಶನಿಗೆ ಸ್ನೇಹಾ ಎಂಬ ಹುಡುಗಿಯೊಡನೆ ಮದುವೆಯಾಯಿತು. ಅಲ್ಲಿಂದ ಈಚೆಗೆ ಅನ್ನಪೂರ್ಣ ಯಾವ ವರನ ಮುಂದೆಯೂ ಬಂದು ಕೂರಲಿಲ್ಲ. ವರಗಳು ಬರುವುದೂ ನಿಂತಿತು. ಮನೆಯಲ್ಲಿ ಮಾತು ಕಡಿಮೆಯಾಗುತ್ತ ಬಂತು.

ಹೋದ ಭಾನುವಾರ ಫಕೀರಬಿ ಬಂದಿದ್ದಳು. ಅವಳೂ ಅಮೃತವ್ವನೂ ಅನ್ನಪೂರ್ಣ ಹುಟ್ಟಿದ ದಿನ ಒಂದೇ ಕೋಣೆಯಲ್ಲಿ ಹೆತ್ತ ಬಾಣಂತಿಯರು. ಅವತ್ತಿನಿಂದ ಅಕ್ಕ-ತಂಗಿಯರ ಹಾಗೆ. ಅವಳು ಬರುತ್ತಿದ್ದದ್ದು ಹಗಲು ಹೊತ್ತಿನಲ್ಲಿ, ಗಂಡಸರು ಅಂಗಡಿಯಲ್ಲಿದ್ದಾಗ. ಆ ದಿನ ಹುಚ್ಚೀರಪ್ಪ ಮನೆಯಲ್ಲಿದ್ದ, ನಾನೂ ಇದ್ದೆ. ಮಗ ದಾದಾಪೀರನ ಶಾದಿಗೆ ಕರೆಯಲು ಬಂದಿದ್ದಳು. ಕಾರ್ಡನ್ನು ಹುಚ್ಚೀರಪ್ಪನ ಕೈಗೆ ಕೊಟ್ಟಳು.

ಅನ್ನಪೂರ್ಣ ಚಹಾ ತಂದಳು. ಫಕೀರಬಿ ಅವಳ ಗಲ್ಲ ಹಿಡಿದು, "ನಮ್ಮ ದಾದು ನಿನಕಿಂತ ಒಂದು ಚಹಾದಷ್ಟ ದೊಡ್ಡಾವ ನೋಡವಾ," ಎಂದು ನಕ್ಕಳು.

"ಒಂದು ಚಹಾ ಅಂದ್ರ?" ಹುಚ್ಚೀರಪ್ಪ ಸುಮ್ಮನೆ ಕೇಳಿದ.

"ಹೌದ್ರಿ ಅಣ್ಣಾ. ಮೊದಲ ನಂದಾತು. ನರ್ಸಮ್ಮ ಹೊಳ್ಳಿ ನಿಂತು ಚಹಾ ಕುಡದ್ಲು. ಆಮ್ಯಾಲ ಅಕ್ಕಂದು."

ಹುಚ್ಚೀರಪ್ಪ ಚಹಾದ ಕಪ್ಪನ್ನು ಕೆಳಗಿಟ್ಟ. ಹೆಂಡತಿಯ ಕಡೆ ತಿರುಗಿದ. "ಖರೇನಾ? ಮೊದಲ ಅತ್ತದ್ದು ಇವರ ಹುಡುಗನಾ?"

"ಹೂಂ ಮತ್ತ," ಎಂದಳು ಅಮೃತವ್ವ. "ನಿಮ್ಮ ಮಗಳು ಅಳಾಕ ತಡಾ ಮಾಡಿದ್ಲು. ಬೆನ್ನ ಬಡದ ಅಳಿಸಿದ್ರು. ಅದಕ್ಕೇನೀಗ?"

ಆಗ ಅವನು ಹೇಳಿದ. ಇಷ್ಟು ವರ್ಷ ಬಚ್ಚಿಟ್ಟದ್ದನ್ನು, ಬಾಗಿಲ ಹೊರಗಿನ ಗಡಿಯಾರವನ್ನು, ಎರಡನೆಯ ಸಲ ಕೇಳಿದ ಅಳೂ ಅದೇ ಮಗುವಿನದೆಂದುಕೊಂಡದ್ದನ್ನು, ಸೂರ್ಯ, ಶನಿ, ಆರು, ಹತ್ತನ್ನು, ಡೋಣಿಯವರಿಗೆ ಇಲ್ಲ ಎಂದದ್ದೇಕೆ ಎನ್ನುವುದನ್ನು ತಡವರಿಸುತ್ತ ಹೇಳಿದ. ಅಮೃತವ್ವ ಹಣೆ ಬಡಿದುಕೊಂಡಳು. "ನನ್ನೊಂದ್ ಮಾತ ಕೇಳಿದ್ರ ಏನಾಗ್ತಿತ್ರಿ? ಹೆತ್ತಾಕಿ ನಾನಲ್ಲೇನು?" ಎಂದು ಗೋಳೋ ಎಂದಳು. ಫಕೀರಬಿ ತಾನು ಏನು ತಪ್ಪು ಮಾತಾಡಿದೆನೆಂದು ತಿಳಿಯದೆ ಕಣ್ಣು ತುಂಬಿಕೊಂಡಳು.

ಹುಚ್ಚೀರಪ್ಪ ಮೊಬೈಲಿನಲ್ಲಿ ಜಾತಕದ ಆ್ಯಪ್ ತೆಗೆದು ನರ್ಸಮ್ಮ ಹೇಳಿದ್ದ ಸಮಯ ಹಾಕಿದ. ಏಳನೆಯ ಬಿಂದು ಸೂರ್ಯನನ್ನು ದಾಟಿತ್ತು, ಚಂದ್ರ ಮತ್ತು ಕುಜರ ಪಾಲನ್ನೂ ದಾಟಿ ರಾಹುವಿನ ಪಾಲಿಗೆ ಬಂದಿತ್ತು. ರಾಹು ಕುಳಿತದ್ದು ಎರಡರಲ್ಲಿ. ಇದ್ದದ್ದು ಗುರುವಿನ ವಿಶಾಖಾ ನಕ್ಷತ್ರದಲ್ಲಿ. ಗುರು ಏಳರ ಒಡೆಯ.

"ಎರಡು, ಏಳು," ಎಂದ ಅವನು. "ಯೋಗ ಐತಿ. ಡೋಣಿಯವರು ಬಂದಾಗ ರಾಹು ದಶಾ, ಶುಕ್ರ ಭುಕ್ತಿ. ಶುಕ್ರ ಎರಡರ ಒಡೆಯ. ಆವಾಗ್ನ ಆಗ್ತಿತ್ತು."

ನನಗೆ ತಡೆಯಲಾಗಲಿಲ್ಲ. "ಹುಚ್ಚೀರಪ್ಪಾ, ಆ ಸೂರ್ಯಂದು ದಾದಾಪೀರನ ಜಾತಕ ಅಂದಂಗಾತಲ್ಲೋ? ಲಗ್ನ ಇಲ್ಲ ಅಂತ ಬರದ ಹುಡುಗನ ಲಗ್ನದ ಕಾರ್ಡ ನಿನ್ನ ಕೈಯಾಗ ಐತಲ್ಲ!"

ಅವನು ಕಾರ್ಡನ್ನು ನೋಡಿದ. ಮೊಬೈಲನ್ನು ನೋಡಿದ. ಸಮಯ ತಪ್ಪಿದ್ದರೆ ಮಗಳಿಗೆ ಅನ್ಯಾಯ ಮಾಡಿದ ಹಾಗಾಯಿತು. ಶಾಸ್ತ್ರವೇ ತಪ್ಪಿದ್ದರೆ ಬೆಂಚಿನ ಮೇಲೆ ಕುಳಿತು ಹೋದ ಎಲ್ಲರಿಗೂ. ಯಾವುದನ್ನು ಒಪ್ಪಿಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ. ಕೊನೆಗೆ ಮಗಳ ಕಡೆ ನೋಡಿ ಅಂಗಲಾಚಿದ.

"ಅನ್ನವ್ವಾ, ಇನ್ನೂ ಹೊತ್ತು ಮೀರಿಲ್ಲ. ಮುಂದ ಗುರು ದಶಾ ಬರತೈತಿ. ನಾ ಕೇಳಿದ ಅಳು ನಿಂದಲ್ಲವಾ. ಬಾಗಲಾ ಹಾಕಿದ್ರು, ನನಗ ಹ್ಯಾಂಗ ಗೊತ್ತಾಗಬೇಕು, ಯಾರ ದನಿ ಅಂತ?"

ಅನ್ನಪೂರ್ಣ ಎಲ್ಲರ ಕಪ್ಪುಗಳನ್ನು ತಟ್ಟೆಯಲ್ಲಿ ಜೋಡಿಸಿಕೊಳ್ಳುತ್ತಿದ್ದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅದು ಬಿಡಪ್ಪಾ, ಬಾಗಲಾ ಹಾಕಿತ್ತು," ಎಂದಳು. "ಅಂಗಡಿಯೊಳಗ ನಿನ್ನ ಮುಂದ ನಿಂತು ಕೇಳಿದ್ನಲ್ಲಾ, ಮನಸೈತಿ ಅಂತ. ಅದು ನಂದ ದನಿ ಆಗಿತ್ತು."

ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು ಕಪ್ಪು ತೊಳೆಯುವ ಸದ್ದು ಕೇಳಿತು. ಹುಚ್ಚೀರಪ್ಪ ಆ ಕಡೆಗೇ ಕಿವಿಗೊಟ್ಟು ಕುಳಿತಿದ್ದ.