ಒಡೆದ ಚಕ್ರದ ಮೂರು ರಂಧ್ರಗಳು

ಓಣಿಯ ತಿರುವಿನಲ್ಲಿ ಮೋಟರ್‌ಸೈಕಲ್ಲೊಂದು ಎರಡು ಸಲ ಕೆಮ್ಮಿ ನಿಂತಿತು. ಗೌತಮಿ ಮೌಸು ಬಿಟ್ಟು ಬಾಗಿಲ ಕಡೆ ನೋಡಿದಳು. ಬೆಳಿಗ್ಗೆ ಹೊಸ ಚಕ್ರ ಒಯ್ದ ಹೂಲಿಯ ಪರಸಪ್ಪ ಮಧ್ಯಾಹ್ನವೇ ತಿರುಗಿ ಬಂದಿದ್ದ. ಚಕ್ರ ಕೂತಿದ್ದರೆ ಈ ಹೊತ್ತಿಗೆ ಅವನು ಬೈಲಹೊಂಗಲದಲ್ಲಿ ಅಲ್ಲ, ತನ್ನ ಹೊಲದಲ್ಲಿರಬೇಕಿತ್ತು.

"ಅಕ್ಕಾರ, ಇದು ಹೊಸಾ ಬೀಗತಿ ಇದ್ದಂಗ ಐತಿ ನೋಡ್ರಿ. ಮಾರಿ ಚಂದ, ಹೊಂದ್ಕೊಳ್ಳಾಕ ಒಲ್ಲೆ ಅಂತೈತಿ." ಅವನು ಚಕ್ರವನ್ನು ಮೇಜಿನ ಮೇಲಿಟ್ಟ. "ಒಂದು ಸ್ಕ್ರೂ ಹೋಕ್ಕೈತಿ, ಉಳಿದೆರಡು ಹೋಗವಲ್ವು."

ಟ್ರ್ಯಾಕ್ಟರ್ ಕೂರಿಗೆಯಲ್ಲಿ ಒಂದೊಂದೇ ಕಡಲೆಕಾಳನ್ನು ಎತ್ತಿ ಸಾಲಿಗೆ ಬಿಡುವ ಪ್ಲಾಸ್ಟಿಕ್ ಚಕ್ರ ಅದು. ಹಳೆಯದು ಒಡೆದು ಕಾಲುಭಾಗ ಮಣ್ಣಲ್ಲಿ ಕಳೆದುಹೋಗಿತ್ತು. ಅದನ್ನು ಮಾಡಿದ ಕಂಪನಿ ಮುಚ್ಚಿ ವರ್ಷಗಳಾಗಿದ್ದವು. ನಾಳೆ ಬೆಳಿಗ್ಗೆ ಬಿತ್ತದಿದ್ದರೆ ಎರೆಮಣ್ಣಿನ ಹಸಿ ಆರುತ್ತದೆ.

"ಸೂಜಿ ಕಾಸಿ ತೂತ ದೊಡ್ಡದ ಮಾಡ್ಲೇನ್ರಿ?"

"ಬ್ಯಾಡ ಕಾಕಾ. ಚಕ್ರ ನಟ್ಟನಡುವ ಕೂಡೂದಿಲ್ಲ. ಬೀಜದ ಡಬ್ಬಿಗೆ ಉಜ್ಜತದ, ಕಾಳು ಒಡೀತದ."

ಗೌತಮಿ ಎದ್ದಳು, ಕೂತಳು, ಮತ್ತೆ ಎದ್ದಳು. ಡಿಪ್ಲೊಮಾ ಮುಗಿಸಿ ಬೆಳಗಾವಿಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಚ್ಚು ಮಾಡುವ ಕಾರ್ಖಾನೆಯೊಂದರಲ್ಲಿ ದುಡಿದವಳು. ಅಜ್ಜ ಪುರಾಣ ಹೇಳುತ್ತಿದ್ದ ಪಡಸಾಲೆಯಲ್ಲಿ ಈಗ ಅವಳ ಕಂಪ್ಯೂಟರ್, ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರಪದರವಾಗಿ ವಸ್ತು ಕಟ್ಟುವ ಯಂತ್ರ. ಮಿಕ್ಸರಿನ ಕಿವಿ, ಹೊಲಿಗೆ ಯಂತ್ರದ ಹಲ್ಲು, ಏನು ಒಡೆದರೂ ಊರವರು ಚೀಲದಲ್ಲಿ ತರುತ್ತಾರೆ. ಒಪ್ಪಿಕೊಂಡ ಕೆಲಸ ತಪ್ಪಿದರೆ ಅವಳಿಗೆ ಅನ್ನ ಇಳಿಯುವುದಿಲ್ಲ.

ಎಲ್ಲಿ ತಪ್ಪಿದೆ? ಅಂಚಿನ ಅಳತೆಗಳನ್ನು ಕ್ಯಾಲಿಪರ್ ಎಂಬ ಅಳತೆಯ ಇಕ್ಕಳದಿಂದ ತೆಗೆದಿದ್ದಳು. ಕಾಳು ಕೂರುವ ಗುಳಿಗಳಲ್ಲಿ ಸವೆದವನ್ನು ಬಿಟ್ಟು ಚೂಪಾಗಿ ಉಳಿದವನ್ನೇ ಅಳೆದಿದ್ದಳು. ಆದರೆ ಸ್ಕ್ರೂವಿನ ರಂಧ್ರಗಳಿದ್ದದ್ದು ನಡುವಿನ ಆಳವಾದ ಬಟ್ಟಲಿನ ತಳದಲ್ಲಿ. ಅಲ್ಲಿಗೆ ಕ್ಯಾಲಿಪರಿನ ದವಡೆ ಮುಟ್ಟಲಿಲ್ಲ. ಅಂಚಿನ ಮೇಲೆ ಸ್ಟೀಲ್ ಅಳತೆಪಟ್ಟಿ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆದು, ಪಟ್ಟಿಗೆ ಚಿತ್ರವನ್ನು ಸರಿಹೊಂದಿಸಿ, ರಂಧ್ರಗಳ ಜಾಗವನ್ನು ಅದರ ಮೇಲೆಯೇ ಗುರುತಿಸಿದ್ದಳು. ಈಗಲೂ ಚಿತ್ರದ ಅಂಚು ಕ್ಯಾಲಿಪರಿನ ಅಳತೆಗೆ ಕರಾರುವಾಕ್ಕಾಗಿ ಹೊಂದುತ್ತದೆ. ಮತ್ತೆ ತಪ್ಪೆಲ್ಲಿ?

"ಏನ ಗಾಣದ ಎತ್ತಿನಾಂಗ ಸುತ್ತಲಿಕ್ಕೆ ಹತ್ತೀ!" ತಾಯಿ ಶಾಂತಾಬಾಯಿ ಇಬ್ಬರಿಗೂ ಮಜ್ಜಿಗೆ ತಂದರು. "ಕೂತು ಕುಡಿ. ಪರಸಪ್ಪ, ನೀವರ ಹೇಳ್ರಿ ಈಕಿಗೆ."

"ನಾ ಏನ್ ಹೇಳ್ಲಿ ಬಾಯಾರ, ನನಗ ಹೊಲಾ ಕರೀತೈತಿ."

ಗೌತಮಿ ನಿಂತೇ ಒಂದೇ ಗುಟುಕಿಗೆ ಮುಗಿಸಿ ಲೋಟದೊಳಗೆ ನೋಡಿದಳು. ಬಾಯಿಂದ ಬುಡದವರೆಗೆ ಒಂದೇ ಅಗಲದ ನೆಟ್ಟನೆಯ ಲೋಟ. ಆದರೂ ತಳದ ವೃತ್ತ ಬಾಯಿಗಿಂತ ಸಣ್ಣದಾಗಿ ಕಾಣುತ್ತಿತ್ತು.

"ಅಯ್ಯ!" ಎಂದಳು. "ಪಟ್ಟಿ ಮ್ಯಾಲಿತ್ತು, ತೂತು ಕೆಳಗಿದ್ದವು!"

ಕ್ಯಾಮೆರಾಕ್ಕೆ ದೂರದ ತಳ ಸಣ್ಣದಾಗಿ ಕಂಡಿತ್ತು. ಅವಳು ಹತ್ತಿರದ ಅಂಚಿನ ಲೆಕ್ಕದಲ್ಲಿ ಅದನ್ನು ಅಳೆದಿದ್ದಳು.

ಫೋಟೊವನ್ನು ಬದಿಗೆ ಸರಿಸಿ, ಹಳೆಯ ತುಂಡಿನಲ್ಲಿ ಉಳಿದಿದ್ದ ಎರಡು ರಂಧ್ರಗಳಿಗೆ ನಾಲ್ಕು ಮಿಲಿಮೀಟರಿನ ಎರಡು ಡ್ರಿಲ್ ಬಿಟ್ಟುಗಳ ನುಣುಪಾದ ತುದಿಯನ್ನು ಬಿಗಿಯಾಗಿ ನೆಟ್ಟಳು. ಅವು ಬಟ್ಟಲಿನಿಂದ ಮೇಲಕ್ಕೆ ಎರಡು ಕಂಬಗಳಂತೆ ನಿಂತವು. ಈಗ ಕ್ಯಾಲಿಪರ್ ಮುಟ್ಟಿತು. ಹೊರಗಿನಿಂದ ಹೊರಕ್ಕೆ ೩೮.೬. ಒಂದು ಬಿಟ್ಟಿನ ದಪ್ಪ ಕಳೆದರೆ ನಡುವಿನಿಂದ ನಡುವಿಗೆ ೩೪.೬. ಮೂರೂ ಸಮದೂರದಲ್ಲಿದ್ದರೆ ಅವು ಕೂತ ವೃತ್ತದ ವ್ಯಾಸ ೪೦ಕ್ಕೆ ಕೂದಲೆಳೆ ಕಡಿಮೆ. ಅಚ್ಚು ಮಾಡಿದವರು ೪೦ ಎಂದೇ ಇಟ್ಟಿರುತ್ತಾರೆ. ಫೋಟೊ ನಂಬಿ ಅವಳು ೩೬ ಇಟ್ಟಿದ್ದಳು.

ಕಂಪ್ಯೂಟರಿನಲ್ಲಿ ಆ ಒಂದೇ ಸಂಖ್ಯೆ ಬದಲಿಸಿದಳು. ಮೂರು ರಂಧ್ರಗಳನ್ನು ಅದಕ್ಕೇ ಕಟ್ಟಿದ್ದರಿಂದ, ಕಳೆದುಹೋದ ಮೂರನೆಯದೂ ಸೇರಿ, ಒಟ್ಟಿಗೇ ಹೊರಕ್ಕೆ ಸರಿದವು. ಅಂಚಿನ ಗುಳಿಗಳು ಅಲುಗಲಿಲ್ಲ.

"ಇಷ್ಟಽ?" ಎಂದ ಪರಸಪ್ಪ. "ಮತ್ತೊಮ್ಮಿ ಹೂಲಿಗೆ ಹೋಗಿ ಬರೂ ಹಂಗಿಲ್ಲಲ್ಲ?"

"ಇಲ್ಲೇ ನೋಡೂಣು."

ಇಡೀ ಚಕ್ರವಲ್ಲ, ಬಟ್ಟಲಿನ ತಳವನ್ನಷ್ಟೇ ತೆಳ್ಳಗೆ ಬಿಲ್ಲೆಯಂತೆ ಮಾಡಲು ಕೊಟ್ಟಳು. ಯಂತ್ರ ಸುತ್ತುವಷ್ಟು ಹೊತ್ತು ಅವಳೂ ಅದರ ಮುಂದೆ ಸುತ್ತಿದಳು. ಬಿಲ್ಲೆ ಆರಿದ ಕೂಡಲೇ ಹಳೆಯ ತುಂಡಿನ ಕೆಳಗೆ ಹಿಡಿದು ಒಂದು ಡ್ರಿಲ್ ಬಿಟ್ಟನ್ನು ಇಳಿಸಿದಳು. ಹೋಯಿತು. ಎರಡನೆಯದನ್ನು ಇಳಿಸಿದಳು. ಅದೂ ತುಂಡು, ಬಿಲ್ಲೆ ಎರಡನ್ನೂ ದಾಟಿ ಆಚೆ ಇಣುಕಿತು.

ಪರಸಪ್ಪ ಬಗ್ಗಿ ನೋಡಿದ. ಅವನ ಹೆಗಲು ಸಡಿಲವಾಯಿತು. "ಹೌದಲ್ರಿ ಅಕ್ಕಾರ! ಹಂಗಾರ ನಮ್ಮ ಮನ್ಯಾಕಿ ಶಟ್ಟೆವ್ವಗ ಫೋನ್ ಹಚ್ಚಿ ಬೀಜಾ ತಗದ ಇಡು ಅಂತೇನಿ. ಆಕಿ ಬೆಳಗಿಂದ ನನಗ, ನಿನ್ನ ಚಕ್ರಾ ಮಾಡೂ ಅಕ್ಕಾಗ ಒಮ್ಮಿ ಕೂರಗಿ ತೋರ್ಸು, ಅಂತ ಗಂಟಬಿದ್ದಾಳ್ರಿ. ನೀವು ಒಂದಿನಾ ಹೂಲಿಗೆ…"

ಯಂತ್ರದಿಂದ ಇಡೀ ಚಕ್ರ ಇಳಿಯಲು ಸಂಜೆಯಾಗುತ್ತದೆ. ಅವನ ಮಾತು ಮುಗಿಯುವ ಮೊದಲೇ ಗೌತಮಿ ಬೆನ್ನು ಮಾಡಿ, ಗಟ್ಟಿ ಪ್ಲಾಸ್ಟಿಕ್ ಎಳೆಯ ಸುರುಳಿ ತರಲು ಒಳಕೋಣೆಗೆ ಹೊರಟುಬಿಟ್ಟಿದ್ದಳು.